ಅಮಾವಾಸಿ ಇಲ್ಲದ ವರ್ಷ

2026ರ ಕ್ಯಾಲೆಂಡರನ್ನು ಜನವರಿಯಿಂದ ಡಿಸೆಂಬರ್‌ವರೆಗೆ ಎಷ್ಟು ತಿರುವಿ ಹಾಕಿದರೂ ಎಳ್ಳ ಅಮಾವಾಸಿ ಸಿಗೋದಿಲ್ಲ. ಪ್ರಿಂಟ್ ಮಾಡಿದವರ ತಪ್ಪೇನಲ್ಲ. ಕಳೆದದ್ದು 2025ರ ಡಿಸೆಂಬರ್ 19ಕ್ಕೆ ಬಂದು ಹೋಯ್ತು, ಮುಂದಿನದು 2027ರ ಜನವರಿ 7ಕ್ಕೆ. ನಡುವಿನ ಇಡೀ ವರ್ಷ ಖಾಲಿ. ಊರಲ್ಲಿದ್ದವರಿಗೆ ಇದರಿಂದ ಏನೂ ವ್ಯತ್ಯಾಸ ಇಲ್ಲ, ಅಮಾವಾಸಿ ಬಂದ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗ್ತಾರೆ. ನನ್ನಂಥವರಿಗೆ ಮಾತ್ರ ವ್ಯತ್ಯಾಸ ಇದೆ. ಯಾಕಂದ್ರೆ ನಾನು ನ್ಯೂಜೆರ್ಸಿಯಲ್ಲಿ ಕೆಲಸ ಮಾಡ್ತೀನಿ, ಹಬ್ಬಕ್ಕೆ ನನ್ನ ಹತ್ತಿರ ಇರೋದು ವರ್ಷಕ್ಕೆ ಎರಡೇ ಎರಡು ಫ್ಲೋಟಿಂಗ್ ಹಾಲಿಡೇ. ಅವು ಡಿಸೆಂಬರ್ 31ರ ರಾತ್ರಿ ಸತ್ತುಹೋಗ್ತವೆ.

ನಮ್ಮೂರು ಬಾಗಲವಾಡ, ರಾಯಚೂರು ಜಿಲ್ಲೆಯಲ್ಲಿ ಮಾನ್ವಿ ಕಡೆ. ನಮಗೆ ದೀಪಾವಳಿಗಿಂತ ಎಳ್ಳ ಅಮಾವಾಸಿ ದೊಡ್ಡದು. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತೆ. ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗಿ, ಪುಂಡಿ ಪಲ್ಲೆ, ಎಣ್ಣಿಗಾಯಿ ಎಲ್ಲಾ ಹೊತ್ತು ಮನೆಮಂದಿ ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರಂತ ಪೂಜೆ ಮಾಡಿ, ಹೊಲದ ತುಂಬಾ ಚರಗ ಚೆಲ್ಲೋದು. ಕರ್ನಾಟಕ ಸರ್ಕಾರದ ಸಾರ್ವತ್ರಿಕ ರಜೆ ಪಟ್ಟಿಯಲ್ಲೇ ಈ ಹಬ್ಬ ಇಲ್ಲ. ಅಮೆರಿಕದಲ್ಲಿ ಈಗೀಗ ದೀಪಾವಳಿಗೆ ಜಾಗ ಸಿಗ್ತಿದೆ, ನ್ಯೂಯಾರ್ಕ್ ನಗರದ ಶಾಲೆಗಳಿಗೆ 2024ರಿಂದ ಆ ದಿನ ರಜೆ. ಆದರೆ ಚರಗ ಚೆಲ್ಲೋ ಹಬ್ಬಕ್ಕೆ ಯಾರೂ ರಜೆ ಘೋಷಿಸೋದಿಲ್ಲ. ನಾವೇ ಮಾಡ್ಕೋಬೇಕು.

ಬೆಂಗಳೂರಿನ ಕಂಪನಿಗಳಲ್ಲಿ ಆಪ್ಷನಲ್ ಹಾಲಿಡೇ ಅಂತೀವಲ್ಲ, ಫ್ಲೋಟಿಂಗ್ ಹಾಲಿಡೇ ಅದರ ಅಣ್ಣತಮ್ಮ. ಅಮೆರಿಕದ ಯಾವ ಫೆಡರಲ್ ಕಾನೂನೂ ಇದನ್ನು ಕೊಡಲೇಬೇಕು ಅನ್ನೋದಿಲ್ಲ. ಕಂಪನಿ ತಾನಾಗಿ ಕೊಡುವ ಸಂಬಳದ ರಜೆ. ಹಾಗಾಗಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಎರಡು ಮಾತು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಕಾಣ್ತವೆ: ಮುಂದಿನ ವರ್ಷಕ್ಕೆ ಸಾಗಿಸೋಕೆ ಬರೋದಿಲ್ಲ, ಮ್ಯಾನೇಜರ್ ಒಪ್ಪಿಗೆ ಮೊದಲೇ ಬೇಕು. ಇನ್ನು ಕನ್ಸಲ್ಟಿಂಗ್ ಕಂಪನಿ ಮೂಲಕ ಕ್ಲೈಂಟ್ ಆಫೀಸಿನಲ್ಲಿ ಕೂತವರು ಒಂದು ಗಮನಿಸಬೇಕು. ಪಕ್ಕದ ಸೀಟಿನವನಿಗೆ ಇರೋ ಫ್ಲೋಟಿಂಗ್ ಹಾಲಿಡೇ ನಿಮ್ಮದಲ್ಲ. ನಿಮಗೆ ಸಂಬಳ ಕೊಡುವ ಕಂಪನಿಯ ಪಾಲಿಸಿಯಲ್ಲಿ ಇದ್ದರಷ್ಟೇ ಉಂಟು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಚಾಂದ್ರಮಾನ ವರ್ಷ 354 ದಿನದ್ದು, ಆಫೀಸಿನದು 365. ಅದಕ್ಕೇ ಹಬ್ಬ ವರ್ಷಾ ಸುಮಾರು 11 ದಿನ ಹಿಂದೆ ಸರೀತದೆ. ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿದಾಗ ಹತ್ತೊಂಬತ್ತು ಇಪ್ಪತ್ತು ದಿನ ಮುಂದಕ್ಕೆ ಜಿಗೀತದೆ. ಉಳಿದ ಹೆಚ್ಚಿನ ಹಬ್ಬಗಳಿಗೆ ಈ ಜಿಗಿತದಿಂದ ತಿಂಗಳು ಬದಲಾಗಬಹುದು ಅಷ್ಟೆ. ಮಾರ್ಗಶಿರದ ಕೊನೆಗೆ ಬರೋ ಎಳ್ಳ ಅಮಾವಾಸಿಗೆ ವರ್ಷವೇ ಬದಲಾಗುತ್ತೆ. 2022ರಲ್ಲಿ ಎರಡು ಬಂದವು, ಜನವರಿ 2 ಮತ್ತು ಡಿಸೆಂಬರ್ 23. 2023ರಲ್ಲಿ ಒಂದೂ ಇಲ್ಲ. 2024ರಲ್ಲಿ ಮತ್ತೆ ಎರಡು, ಜನವರಿ 11 ಮತ್ತು ಡಿಸೆಂಬರ್ 30. ಈಗ 2026 ಖಾಲಿ, 2027ರಲ್ಲಿ ಜನವರಿ 7 ಮತ್ತು ಡಿಸೆಂಬರ್ 27.

ಎರಡೇ ರಜೆ ಇದ್ದವರಿಗೆ ಇದರ ಅರ್ಥ ಏನು? 2026ರ ಒಂದು ರಜೆಯನ್ನು ಅಮಾವಾಸಿಗೆ ಅಂತ ಕೂಡಿಟ್ಟರೆ ಅದು ಹಾಳಾಗುತ್ತೆ. ಡಿಸೆಂಬರ್ 8ಕ್ಕೆ ಅಮಾವಾಸ್ಯೆ ಅಂತ ಕ್ಯಾಲೆಂಡರಿನಲ್ಲಿ ಇರುತ್ತೆ, ಆದರೆ ಅದು ಕಾರ್ತಿಕದ್ದು. ನಾನು ಮಾಡಿರೋ ಪ್ಲ್ಯಾನ್ ಹೀಗಿದೆ: 2026ರಲ್ಲಿ ಒಂದು ರಜೆ ಮಾರ್ಚ್ 19ರ ಯುಗಾದಿಗೆ, ಇನ್ನೊಂದು ಕಾರಹುಣ್ಣಿಮೆಗೆ. ಅಲ್ಲೂ ಒಂದು ತಿರುವು. ಈ ವರ್ಷ ಜ್ಯೇಷ್ಠವೇ ಅಧಿಕ, ಹಾಗಾಗಿ ಮೇ 31ರ ಹುಣ್ಣಿಮೆ ಅಧಿಕ ಮಾಸದ್ದು. ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚೋ ಕಾರಹುಣ್ಣಿಮೆ ನಿಜ ಜ್ಯೇಷ್ಠದಲ್ಲಿ, ಜೂನ್ 29, ಸೋಮವಾರ. 2027ರ ಎರಡೂ ರಜೆ ಎರಡು ಎಳ್ಳ ಅಮಾವಾಸಿಗೆ. ಏಪ್ರಿಲ್ 7, ಬುಧವಾರದ ಯುಗಾದಿಗೆ ಬೇರೆ ರಜೆ ಹಾಕಬೇಕು, ಇಲ್ಲವೇ ಬೇವುಬೆಲ್ಲ ತಿಂದು ಆಫೀಸಿಗೆ ಹೋಗಬೇಕು. ಜನವರಿ 7ಕ್ಕೆ ರಜೆ ಬೇಕಾದವರು ಹೊಸ ವರ್ಷದ ರಜೆ ಜನವರಿ 1ಕ್ಕೇ ಖಾತೆಗೆ ಬೀಳ್ತದೋ, ತಿಂಗಳು ತಿಂಗಳು ಜಮಾ ಆಗ್ತದೋ ಅಂತ ಎಚ್‌ಆರ್‌ಗೆ ಈಗಲೇ ಕೇಳಿಟ್ಟುಕೊಳ್ಳಿ. ಕೆಲವು ಕಂಪನಿಗಳ ವರ್ಷ ಜುಲೈಯಿಂದ ಜೂನ್‌ವರೆಗೆ ಇರುತ್ತೆ. ಅಂಥವರಿಗೆ ಈ ತಾಪತ್ರಯವೇ ಇಲ್ಲ, ಪ್ರತಿ ರಜೆ ವರ್ಷಕ್ಕೂ ಒಂದೊಂದು ಅಮಾವಾಸಿ ಸರಿಯಾಗಿ ಬೀಳ್ತದೆ.

ಇನ್ನೊಂದು ತೊಡಕು ಗಡಿಯಾರದ್ದು. ಚಳಿಗಾಲದಲ್ಲಿ ನ್ಯೂಜೆರ್ಸಿ ಊರಿಗಿಂತ ಹತ್ತೂವರೆ ತಾಸು ಹಿಂದೆ. ಊರಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಚರಗ ಚೆಲ್ಲಿದರೆ ಇಲ್ಲಿ ರಾತ್ರಿ ಒಂದೂವರೆ. ಕಳೆದ ಸಲ ಅವ್ವ ವಾರ ಮೊದಲೇ ಫೋನಿನಲ್ಲಿ ಕೇಳಿದಳು, "ಚರಗಾ ಚೆಲ್ಲೋದು ನೋಡ್ತಿ ಏನಪಾ? ನೋಡ್ತಿ ಅಂದ್ರ ತಮ್ಮಗ ಹೇಳ್ತೀನಿ, ಫೋನ್ ಹಿಡಕೊಂಡು ನಿಂದರ್ತಾನ." ಹಾಗಾಗಿ ಗುರುವಾರ ರಾತ್ರಿ ಎದ್ದಿದ್ದು ಹೊಲ ನೋಡಿದೆ, ಶುಕ್ರವಾರ, 19ನೇ ತಾರೀಖು, ರಜೆ. ಹಬ್ಬದ ಹಿಂದಿನ ದಿನ ರಜೆ ಹಾಕಿ ಹಬ್ಬದ ದಿನ ನಿದ್ದೆಗಣ್ಣಲ್ಲಿ ಮೀಟಿಂಗ್ ಕೂಡೋದಕ್ಕಿಂತ ಇದೇ ಸರಿ. ಹಗಲು ಎದ್ದು, ಗೆಳೆಯರನ್ನು ಕರೆದು, ಇಂಡಿಯನ್ ಅಂಗಡಿಯ ಸಜ್ಜಿ ಹಿಟ್ಟಿನಲ್ಲಿ ರೊಟ್ಟಿ ಬಡಿದು ಎಳ್ಳು ಹಚ್ಚಿ ಉಂಡ್ವಿ.

ಆ ರಜೆ ಸಿಕ್ಕಿದ್ದು ಅಕ್ಟೋಬರಿನಲ್ಲೇ ಕೇಳಿದ್ದಕ್ಕೆ. ಡಿಸೆಂಬರಿನ ಕೊನೆಯ ಎರಡು ವಾರ ಎಲ್ಲರೂ ರಜೆ ಹಾಕ್ತಾರೆ, ತಡವಾದರೆ ಸಾಲಿನಲ್ಲಿ ನೀವು ಕೊನೆ. ಅರ್ಜಿಯಲ್ಲಿ ಹಬ್ಬದ ಪುರಾಣ ಬರೀಬೇಕಿಲ್ಲ, ಫ್ಲೋಟಿಂಗ್ ಹಾಲಿಡೇ ಅಂತ ಆರಿಸಿ ತಾರೀಖು ಹಾಕಿದರೆ ಮುಗೀತು. ನಾನು ಟೀಮಿನಲ್ಲಿ ಒಂದು ಬದಲಿ ವ್ಯವಹಾರವನ್ನೂ ಕುದುರಿಸಿದ್ದೆ. ಕ್ರಿಸ್‌ಮಸ್ ಹಿಂದಿನ ದಿನ ಮತ್ತು ಕ್ರಿಸ್‌ಮಸ್ ದಿನದ ಆನ್‌ಕಾಲ್ ನನ್ನದು, 18ರ ರಾತ್ರಿ ಮತ್ತು 19ರದ್ದು ಸಹೋದ್ಯೋಗಿಯದು. ಅವನಿಗೆ ಮಕ್ಕಳ ಜೊತೆ ಹಬ್ಬ ಸಿಕ್ತು, ನನಗೆ ಅಪ್ಪನ ಜೊತೆ.

ಫ್ಲೋಟಿಂಗ್ ಹಾಲಿಡೇ ಇಲ್ಲವೇ ಇಲ್ಲ ಅಂದರೆ? ಹದಿನೈದು ಅಥವಾ ಹೆಚ್ಚು ಜನ ಕೆಲಸಗಾರರಿರುವ ಕಂಪನಿಗೆ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಅನ್ವಯಿಸುತ್ತೆ. ಧಾರ್ಮಿಕ ಆಚರಣೆಗೆ ಸಮಯ ಕೇಳಿದರೆ, ವ್ಯವಹಾರಕ್ಕೆ ಗಣನೀಯ ಹೊರೆ ಆಗದ ಹೊರತು ಹೊಂದಿಸಿಕೊಡಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟ ಮಾಡಿದೆ. ಆದರೆ ಹಾಗೆ ಸಿಗುವ ದಿನಕ್ಕೆ ಸಂಬಳ ಸಿಗಲೇಬೇಕು ಅಂತಿಲ್ಲ. ಶಿಫ್ಟ್ ಬದಲಿಸಿಕೊಳ್ಳೋದು, ಇಲ್ಲವೇ ಸಂಬಳವಿಲ್ಲದ ರಜೆ, ಸಾಮಾನ್ಯವಾಗಿ ಇಷ್ಟೇ.

ಅಪ್ಪನಿಗೆ ಈಗ ಮೊಣಕಾಲು ನೋವು. ಹೊಲ ಲಾವಣಿಗೆ ಹಾಕೋಣ ಅನ್ನೋ ಮಾತು ಮನೆಯಲ್ಲಿ ಎರಡು ವರ್ಷದಿಂದ ನಡೀತಿದೆ. 2027ರ ಜನವರಿಯಲ್ಲಿ ನಮ್ಮದೇ ಜೋಳ ನಿಂತಿರ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಜನವರಿ 7 ಗುರುವಾರ, ಅಂದರೆ 6ರ ರಾತ್ರಿ ಒಂದೂವರೆವರೆಗೆ ಎದ್ದಿರಬೇಕು. ಆ ತಾರೀಖನ್ನು ಟೀಮ್ ಕ್ಯಾಲೆಂಡರಿನಲ್ಲಿ ಈಗಾಗಲೇ ಬ್ಲಾಕ್ ಮಾಡಿದ್ದೀನಿ.