ಮುಖ ಕಾಣುವ ಮೂಲೆ

ನಮ್ಮ ಅಕ್ಕನಿಗೆ ಕಿವಿ ಮಂದವಾಗಿ ಆರೇಳು ವರ್ಷಗಳಾದುವು. ಶ್ರವಣಯಂತ್ರವುಂಟು, ಎದುರಿಗೆ ಕುಳಿತವರು ನಿಧಾನವಾಗಿ ಮಾತನಾಡಿದರೆ ಬಹುಮಟ್ಟಿಗೆ ತಿಳಿದುಕೊಳ್ಳುತ್ತಾಳೆ. ಆದರೆ ಫೋನಿನೊಳಗಿಂದ ಬರುವ ಧ್ವನಿ ಅವಳ ಪಾಲಿಗೆ ಬರಿಯ ಗುಜುಗುಜು. ಆದುದರಿಂದ ಮಾತಾಡುವವರ ತುಟಿಗಳನ್ನು ನೋಡಿ ಅರ್ಥಮಾಡಿಕೊಳ್ಳುವುದನ್ನು ಅವಳು ತಾನಾಗಿಯೇ ರೂಢಿಸಿಕೊಂಡಿದ್ದಾಳೆ. ಈ ವಿದ್ಯೆ ಅರ್ಧ ಊಹೆಯದು. ಪ, ಬ, ಮ ಈ ಮೂರು ಅಕ್ಷರಗಳೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಕ, ಗ ಎಂಬುವು ಗಂಟಲ ಕಡೆಯವಾದುದರಿಂದ ಕಾಣುವುದೇ ಇಲ್ಲ. ಕಾಣುವಷ್ಟನ್ನಾದರೂ ಚೆನ್ನಾಗಿ ಕಂಡರೆ ಮಾತ್ರ ಉಳಿದುದನ್ನು ಊಹಿಸಬಹುದು.

ಅಕ್ಕನ ಮಗ ಅಮೆರಿಕದ ಸಿಯಾಟಲ್ ನಗರದಲ್ಲಿದ್ದಾನೆ. ಪ್ರತಿ ಭಾನುವಾರ ಬೆಳಗ್ಗೆ 8 ಗಂಟೆಗೆ ಅವನ ವಿಡಿಯೋ ಕರೆ ಬರುತ್ತದೆ. ಅಲ್ಲಿ ಆಗ ಶನಿವಾರದ ಸಂಜೆ. ಕಳೆದ ಜುಲೈ ತಿಂಗಳಲ್ಲಿ ಅವನು, "ಅಮ್ಮ, ಈ ದಸರೆಗೆ ಬರುವುದಕ್ಕಾಗುವುದಿಲ್ಲ" ಎಂದ. ಅಕ್ಕ ನಕ್ಕು ತಲೆಯಾಡಿಸಿದಳು. ಮರುದಿನ ಅಟ್ಟದ ಮೇಲಿನ ಹಾಸಿಗೆಯನ್ನು ಇಳಿಸಿ ಬಿಸಿಲಿಗೆ ಹಾಕಿಸಿದಳು. ನಾನು ವಿಚಾರಿಸಿದಾಗ, "ಮಗು ದಸರೆಗೆ ಬರುತ್ತಾನಂತೆ" ಎಂದಳು. ಅವಳಿಗೆ ನಿಜವನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದ ಮಾತು ಇಷ್ಟೆ: "ಅವನಿಗೆ ಮುಖವೇ ಇಲ್ಲವಲ್ಲೋ ತಮ್ಮ. ಕಪ್ಪಗೆ ಒಂದು ಆಕಾರ ಅಲ್ಲಾಡುತ್ತದೆ. ಪ್ರತಿಸಲವೂ ಏನೆಂದೆ ಏನೆಂದೆ ಎಂದು ಕೇಳುವುದಕ್ಕೆ ನನಗೆ ನಾಚಿಕೆ."

ನಾನು ಬಹುಕಾಲ ಭಾವಚಿತ್ರ ತೆಗೆಯುವ ಅಂಗಡಿ ಇಟ್ಟುಕೊಂಡಿದ್ದವನು. ಬೆಳಕಿನ ಕಡೆಗೆ ಬೆನ್ನು ಮಾಡಿ ಕುಳಿತವನ ಮುಖ ಕಪ್ಪಾಗುವುದೆಂಬುದು ಆ ಕಸಬಿನ ಮೊದಲ ಪಾಠ. ಅಳಿಯನಿಗೆ, "ನೀನು ಕುಳಿತು ಮಾತನಾಡುವ ಮೂಲೆಯ ಒಂದು ಚಿತ್ರ ಕಳುಹಿಸು" ಎಂದು ಬರೆದೆ. ಅಂದೇ ಬಂದಿತು.

ಚಿತ್ರ ನೋಡುವುದಕ್ಕೆ ಅಂದವಾಗಿತ್ತು. ಗೋಡೆಗೆ ಒರಗಿಸಿದ ಮೇಜು, ಅದರ ಮೇಲೆ ಆರಿಸಿದ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿಯ ಬಟ್ಟಲು, ಹಿಂದಿನ ಗೋಡೆಯ ಮೇಲೆ ಪುಸ್ತಕಗಳ ಹಲಗೆ. "ಮಾವ, ಹಿನ್ನೆಲೆಗೆ ಈ ಪುಸ್ತಕಗಳು ಚೆನ್ನಾಗಿಲ್ಲವೇ?" ಎಂದು ಕೆಳಗೆ ಬರೆದಿದ್ದ. ಇಲ್ಲಿಯೇ ಎಲ್ಲರೂ ತಪ್ಪುವುದು. ಲ್ಯಾಪ್‌ಟಾಪಿನ ಕಣ್ಣು ಇರುವುದು ಅದರ ಪರದೆಯ ಮೇಲಂಚಿನಲ್ಲಿ. ಅದು ನೋಡುವುದು ನಮ್ಮನ್ನು ಮತ್ತು ನಮ್ಮ ಬೆನ್ನ ಹಿಂದಿರುವುದನ್ನು. ನಮ್ಮೆದುರಿನ ಗೋಡೆಯನ್ನು ಅದು ಎಂದಿಗೂ ಕಾಣುವುದಿಲ್ಲ. ಆ ಪುಸ್ತಕಗಳು ಅಕ್ಕನಿಗೆ ಒಮ್ಮೆಯೂ ಕಂಡಿರಲಾರವು.

ಹಾಗಾದರೂ ಆ ಚಿತ್ರದಿಂದ ಎರಡು ಸಂಗತಿಗಳು ತಿಳಿದುವು. ಕಾಫಿಯ ಬಟ್ಟಲಿನ ನೆರಳು ಗೋಡೆಯ ಕಡೆಗೆ ಬಿದ್ದಿತ್ತು. ಎಂದರೆ ಬೆಳಕು ಕುರ್ಚಿಯ ಹಿಂದಿನಿಂದ ಬರುತ್ತಿತ್ತು. ಆರಿಸಿದ ಪರದೆ ಕಪ್ಪು ಕನ್ನಡಿಯಂತೆ ಹೊಳೆಯುತ್ತ ತನ್ನೊಳಗೆ ಒಂದು ಬಿಳಿಯ ಚೌಕವನ್ನು ತೋರಿಸುತ್ತಿತ್ತು. ಅದು ಕಿಟಕಿ. ಮೇಜಿನ ಚಿತ್ರವನ್ನು ನೋಡುವವರು ಮೊದಲು ವಸ್ತುಗಳನ್ನು ಬಿಟ್ಟು ಅವುಗಳ ನೆರಳನ್ನೂ, ಹೊಳೆಯುವ ಮೈಗಳಲ್ಲಿ ಬಿದ್ದ ಪ್ರತಿಬಿಂಬವನ್ನೂ ನೋಡಬೇಕು. ಬೆಳಕು ಎಲ್ಲಿದೆಯೆಂಬುದನ್ನು ಅವು ಸುಳ್ಳಿಲ್ಲದೆ ಹೇಳುತ್ತವೆ.

ಮತ್ತೆ ಬರೆದೆ: "ಈಗ ಇನ್ನೊಂದು ಚಿತ್ರ ಬೇಕು. ಫೋನನ್ನು ಲ್ಯಾಪ್‌ಟಾಪಿನ ಕಣ್ಣಿರುವ ಎತ್ತರಕ್ಕೇ ಹಿಡಿದು ಕುರ್ಚಿಯ ಕಡೆಗೆ ತಿರುಗಿಸಿ ತೆಗೆ. ನೀನು ಕರೆ ಮಾಡುವ ಹೊತ್ತಿಗೇ ತೆಗೆ. ಆಗ ಯಾವ ದೀಪಗಳು ಉರಿಯುತ್ತವೆಯೋ ಅವೇ ಉರಿಯುತ್ತಿರಲಿ." ಮೊದಲನೆಯದನ್ನು ಅವನು ಮಧ್ಯಾಹ್ನ ತೆಗೆದಿದ್ದ. ಎರಡನೆಯದು ಸಂಜೆ ಏಳೂವರೆಯದು. ಅದರಲ್ಲಿ ರೋಗವೆಲ್ಲ ಬಯಲಾಯಿತು. ಸಿಯಾಟಲ್ ಉತ್ತರಕ್ಕೆ ದೂರವಿರುವ ಊರು. ಜೂನ್ ಜುಲೈಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 9 ಗಂಟೆಗೆ. ಅವನ ಕಿಟಕಿ ಪಶ್ಚಿಮದ್ದು. ಇಳಿಬಿಸಿಲು ನೇರವಾಗಿ ಕುರ್ಚಿಯ ಹಿಂದೆ ಉರಿಯುತ್ತಿತ್ತು.

ನಮ್ಮ ಕಣ್ಣು ಬಿಸಿಲನ್ನೂ ನೆರಳನ್ನೂ ಏಕಕಾಲದಲ್ಲಿ ಗ್ರಹಿಸಬಲ್ಲುದು. ಕ್ಯಾಮರಾಕ್ಕೆ ಅಷ್ಟು ಶಕ್ತಿಯಿಲ್ಲ. ಅದು ಚಿತ್ರದ ಒಟ್ಟು ಬೆಳಕನ್ನು ಅಳೆದು, ಕಿಟಕಿ ಪ್ರಖರವಾಗಿದ್ದರೆ ಎಲ್ಲವನ್ನೂ ಕುಗ್ಗಿಸುತ್ತದೆ. ಮುಖವೂ ಅದರ ಜೊತೆಗೆ ಕುಗ್ಗಿ ಕಪ್ಪಾಗುತ್ತದೆ. ಅಳಿಯ ಮೇಜಿನ ಮೇಲೆ ಒಂದು ಸಣ್ಣ ದೀಪವನ್ನಿಟ್ಟು ನೋಡಿದ್ದನಂತೆ. ಸೂರ್ಯನ ಎದುರಿಗೆ ಆ ದೀಪ ಏನು ಮಾಡೀತು? ಕಿಟಕಿಯನ್ನು ಗೆಲ್ಲಲು ಹೋಗಬಾರದು, ಅದರ ಕಡೆಗೆ ತಿರುಗಿಕೊಳ್ಳಬೇಕು.

ಎಷ್ಟು ತಿರುಗಬೇಕೆಂಬುದಕ್ಕೆ ನಮ್ಮ ಅಂಗಡಿಯಲ್ಲಿದ್ದ ಒಂದು ಉಪಾಯವನ್ನು ಅವನಿಗೆ ಹೇಳಿದೆ. ಅಂಗೈಯನ್ನು ಮುಖದ ಮುಂದೆ ಒಂದು ಗೇಣು ದೂರದಲ್ಲಿ, ತನ್ನ ಕಡೆಗೇ ತಿರುಗಿಸಿ ಹಿಡಿದುಕೊಂಡು, ನಿಂತಲ್ಲೇ ನಿಧಾನವಾಗಿ ಸುತ್ತಬೇಕು. ಬೆಳಕಿಗೆ ಎದುರಾಗಿರುವಾಗ ಅಂಗೈ ಮಂಕಾಗುತ್ತದೆ, ಏಕೆಂದರೆ ಬೆಳಕು ಅದರ ಹಿಂದಿರುತ್ತದೆ. ಬೆನ್ನು ಮಾಡಿದಾಗ ಬೆಳಗುತ್ತದೆ. ಮುಖಕ್ಕೆ ಆಗುವುದು ಇದರ ವಿರುದ್ಧ. ಆದುದರಿಂದ ಅಂಗೈ ಮಂಕಾಗಿದ್ದು, ಒಂದು ಅಂಚು ಮಾತ್ರ ತುಸು ಬೆಳಗುವ ದಿಕ್ಕು ಯಾವುದೋ ಅದೇ ಕುಳಿತುಕೊಳ್ಳುವ ದಿಕ್ಕು. ಆಗ ಕಿಟಕಿ ಮುಂದೆಯೇ, ಆದರೆ ಸ್ವಲ್ಪ ಓರೆಯಾಗಿರುತ್ತದೆ. ತೀರ ನೇರವಾಗಿದ್ದರೆ ಮುಖ ರೊಟ್ಟಿಯಂತೆ ಚಪ್ಪಟೆಯಾಗುವುದು. ತೀರ ಪಕ್ಕಕ್ಕಿದ್ದರೆ ಅರ್ಧ ಬಾಯಿ ಕತ್ತಲೆಗೆ ಬೀಳುವುದು.

ಹೀಗೆ ಅವನು ಮೇಜನ್ನು ಗೋಡೆಯಿಂದ ಬಿಡಿಸಿ ವಾಯವ್ಯದ ಮೂಲೆಗೆ ಎದುರಾಗಿ ಓರೆಯಿಟ್ಟ. ಕಿಟಕಿ ಎಡ ಮುಂಭಾಗಕ್ಕೆ ಬಂದಿತು. ನೇರವಾದ ಬಿಸಿಲು ಕಣ್ಣು ಕುಕ್ಕದಂತೆ ತೆಳ್ಳನೆಯ ಬಿಳಿಯ ಪರದೆ ಕಟ್ಟಿದ. ಬಲಗೆನ್ನೆ ಇನ್ನೂ ಮಂಕಾಗಿತ್ತು. ಚಿತ್ರದ ಅಂಚಿನಾಚೆ, ಎರಡಡಿ ದೂರದಲ್ಲಿ, ಒಂದು ಬಿಳಿಯ ದಪ್ಪ ರಟ್ಟನ್ನು ನಿಲ್ಲಿಸಿದಾಗ ಅದು ಕಿಟಕಿಯ ಬೆಳಕನ್ನೇ ಹಿಂದಕ್ಕೆ ಚೆಲ್ಲಿ ಆ ಕೊರತೆಯನ್ನು ನೀಗಿತು.

ಇನ್ನು ಎತ್ತರದ ಮಾತು. ಮೇಜಿನ ಮೇಲೆ ಹಾಗೆಯೇ ಇಟ್ಟ ಲ್ಯಾಪ್‌ಟಾಪ್ ನಮ್ಮನ್ನು ಗದ್ದದ ಕೆಳಗಿನಿಂದ ನೋಡುತ್ತದೆ. ಅದರಿಂದ ಮೂಗಿನ ಹೊಳ್ಳೆಗಳೂ ಛಾವಣಿಯ ದೀಪವೂ ಕಾಣುತ್ತವೆ. ಬಾಯಿ ಮಾತ್ರ ಓರೆಯಾಗುತ್ತದೆ. ಮೊದಲನೆಯ ಚಿತ್ರದಲ್ಲಿದ್ದ ಆ ಪುಸ್ತಕಗಳು ಈಗ ಉಪಯೋಗಕ್ಕೆ ಬಂದುವು. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಇಟ್ಟಾಗ ಕ್ಯಾಮರಾ ಅವನ ಕಣ್ಣಿನ ಮಟ್ಟಕ್ಕೆ ಬಂದಿತು. ಮುಖದಿಂದ ಎರಡಡಿಯಷ್ಟು ದೂರ. ಅದಕ್ಕಿಂತ ಹತ್ತಿರವಾದರೆ ಮೂಗು ಉಬ್ಬುತ್ತದೆ. ಬಹಳ ದೂರವಾದರೆ ಅಕ್ಕನ ಕೈಯಲ್ಲಿರುವ ಸಣ್ಣ ಪರದೆಯಲ್ಲಿ ತುಟಿ ಸಾಸಿವೆಯಷ್ಟಾಗುತ್ತದೆ. ತಲೆಯ ಮೇಲೆ ಎರಡು ಬೆರಳು ಜಾಗ, ಕೆಳಗೆ ಎದೆಯ ತನಕ, ಇಷ್ಟು ಸಾಕು.

ಹಿನ್ನೆಲೆಗಾಗಿ ಅವನು ಕರೆಯ ತಂತ್ರಾಂಶದಲ್ಲಿಯೇ ಇರುವ ಮಸುಕಿನ ಸೌಕರ್ಯವನ್ನು ಹಾಕಿದ್ದ. ಅದು ಮನುಷ್ಯನ ಅಂಚನ್ನು ಊಹಿಸಿ ಉಳಿದುದನ್ನು ಮಸುಕು ಮಾಡುತ್ತದೆ. ಊಹೆ ತಪ್ಪಿದಾಗ ಕಿವಿಯನ್ನೋ ಕೈಯನ್ನೋ ನುಂಗುತ್ತದೆ. "ಎರಡು ದಿನ" ಎಂದು ಅವನು ಬೆರಳೆತ್ತಿದರೆ ಬೆರಳೇ ಮಾಯ. ಕಿವಿ ಕೇಳದವರಿಗೆ ಕೈಸನ್ನೆಯೂ ಮಾತೇ. ಅದನ್ನು ತೆಗೆಸಿದೆ. ಹೊಸ ದಿಕ್ಕಿನಲ್ಲಿ ಅವನ ಹಿಂದೆ ಐದಾರಡಿ ದೂರದಲ್ಲಿ ತಿಳಿಗಂದು ಬಣ್ಣದ ಗೋಡೆ ಬಂದಿತು. ಅಲ್ಲಿದ್ದ ನಿಲುದೀಪವನ್ನು ತೆಗೆದ. ಹಿಂದೆ ಉರಿಯುವ ದೀಪ ಸಣ್ಣ ಕಿಟಕಿಯೇ ಸರಿ. ಭಾವನವರ ಪಟವನ್ನು ಮಾತ್ರ ತೆಗೆಯಬೇಡವೆಂದೆ. ಅದರ ಗಾಜಿನಲ್ಲಿ ಕಿಟಕಿ ಹೊಳೆಯುತ್ತಿತ್ತು. ಪಟದ ಮೇಲಂಚನ್ನು ಗೋಡೆಯಿಂದ ಒಂದು ಅಂಗುಲ ಮುಂದಕ್ಕೆ ಬಾಗಿಸಿದಾಗ ಹೊಳಪು ನೆಲದ ಕಡೆಗೆ ಹೋಗಿ, ಭಾವನವರು ಕಂಡರು.

ನವೆಂಬರಿನಲ್ಲಿ ಹೊಸ ತೊಡಕು ಬಂದಿತು. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ. ನಮ್ಮ 8 ಗಂಟೆ ಅವರ ಸಂಜೆ ಆರೂವರೆಯಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಯ ಹೊತ್ತಿಗೆಲ್ಲ ಕತ್ತಲೆ. ಕಿಟಕಿಯಿಂದ ಪ್ರಯೋಜನವಿಲ್ಲ. ಅವನು ಛಾವಣಿಯ ದೀಪವೊಂದನ್ನೇ ಹಾಕಿಕೊಂಡು ಕುಳಿತ. ಮುಖ ಕಂಡಿತು, ಆದರೆ ಅಕ್ಕ, "ತುಟಿ ಕಲಸಿಹೋಗುತ್ತದೆ" ಎಂದಳು. ಅವಳು ಹೇಳಿದ್ದು ಸರಿ. ಬೆಳಕು ಸಾಲದಾದಾಗ ಕ್ಯಾಮರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಅಷ್ಟರಲ್ಲಿ ಅಲುಗಿದ ತುಟಿ ಮಸುಕಾಗುತ್ತದೆ. ಅಲ್ಲದೆ ನೆತ್ತಿಯ ಮೇಲಿನ ದೀಪ ಮೂಗಿನ ನೆರಳನ್ನು ಬಾಯಿಯ ಮೇಲೆಯೇ ಬೀಳಿಸುತ್ತದೆ. ಓದುವ ದೀಪವನ್ನು ಮುಖಕ್ಕೆ ಹಿಡಿಯದೆ, ಮೇಜಿನ ಮುಂದಿನ ಬಿಳಿಯ ಗೋಡೆಗೆ ತಿರುಗಿಸೆಂದೆ. ಗೋಡೆಯೇ ದೊಡ್ಡದೊಂದು ಕಿಟಕಿಯಾಯಿತು. ಕನ್ನಡಕದಲ್ಲಿ ಪರದೆಯ ಬಿಳುಪು ಹೊಳೆಯುತ್ತಿದ್ದುದು ಪರದೆಯ ಪ್ರಕಾಶವನ್ನು ಇಳಿಸಿದಾಗ ಕಡಿಮೆಯಾಯಿತು.

ಕೊನೆಗೆ ಉಳಿದದ್ದು ಅವನ ಮೀಸೆ. ಮೇಲ್ತುಟಿಯ ಮೇಲೆ ಇಳಿಬಿದ್ದಿತ್ತು. ಎಷ್ಟು ಬೆಳಕು ತಂದರೂ ಮೀಸೆಯ ಹಿಂದಿರುವ ತುಟಿ ಕಾಣದು. "ಅದೊಂದನ್ನು ಬಿಟ್ಟುಬಿಡಿ ಮಾವ" ಎಂದ. ನಾನು ಮತ್ತೆ ಹೇಳಲಿಲ್ಲ. ಎರಡು ವಾರ ಕಳೆದ ಮೇಲೆ ತುಟಿಯ ಅಂಚಿಗೆ ಸರಿಯಾಗಿ ಕತ್ತರಿಸಿಕೊಂಡು ಬಂದ.

ಇಷ್ಟಾದರೂ ಜಾಲದ ಸಂಪರ್ಕ ತಡವರಿಸಿದ ದಿನ ತುಟಿಗೂ ಧ್ವನಿಗೂ ಹೊಂದಿಕೆ ತಪ್ಪುತ್ತದೆ. ಅದಕ್ಕೆ ಬೆಳಕಿನಲ್ಲಿ ಔಷಧವಿಲ್ಲ. ಆಗ ಅವರು ಮಾತು ನಿಲ್ಲಿಸಿ ಮತ್ತೆ ಕರೆ ಮಾಡಿಕೊಳ್ಳುತ್ತಾರೆ.

ಮೊನ್ನೆಯ ಭಾನುವಾರ ನಾನೂ ಅಕ್ಕನ ಪಕ್ಕದಲ್ಲಿದ್ದೆ. "ಯುಗಾದಿಗೂ ಆಗುವುದಿಲ್ಲ ಅಮ್ಮ, ಮೇ ತಿಂಗಳಲ್ಲಿ ಬರುತ್ತೇನೆ" ಎಂದ. ಅಕ್ಕ ತಲೆಯಾಡಿಸಲಿಲ್ಲ. ಹುಬ್ಬು ಗಂಟಿಕ್ಕಿ, "ಯುಗಾದಿಗೆ ಇಲ್ಲವೆಂದದ್ದು ತಿಳಿಯಿತು. ಆಮೇಲೆ ಮೇ ಎಂದೆಯೋ, ಬೇಡ ಎಂದೆಯೋ?" ಎಂದು ಕೇಳಿದಳು. ಆ ಎರಡು ಅಕ್ಷರಗಳು ಎಷ್ಟು ಬೆಳಕಿದ್ದರೂ ಒಂದೇ. ಅಳಿಯ ನಕ್ಕು, ಐದು ಬೆರಳುಗಳನ್ನೂ ಬಿಡಿಸಿ ಮುಖದ ಪಕ್ಕಕ್ಕೆ ಎತ್ತಿ ಹಿಡಿದ. ಐದೂ ಕಂಡುವು. ಅಕ್ಕ ಅವುಗಳನ್ನು ಎಣಿಸಿ, "ಹಾಗಾದರೆ ಹಾಸಿಗೆಯನ್ನು ಏಪ್ರಿಲಿನಲ್ಲಿ ಬಿಸಿಲಿಗೆ ಹಾಕಿಸಿದರೆ ಸಾಕು" ಎಂದಳು.