ಗಣನೀಯ ಅಂದ್ರೆ ಎಷ್ಟೋ?

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಜಗುಲಿ ಮೇಲೆ ಒರಗಿದ್ದಾಗ ಪಕ್ಕದ ಮನೆ ಹುಡುಗ ಫೋನ್ ಹಿಡ್ಕೊಂಡು ಬಂದ. ಬಿಇ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾನೆ. ಬೇರೆ ಕಡೆ ಹುಡುಕ್ತಿದ್ದಾನೆ ಅಂತ ಅವರಮ್ಮ ಮೊದಲೇ ಹೇಳಿದ್ರು.

"ಅಣ್ಣ, ನನ್ನ ರೆಸ್ಯೂಮ್ ಒಂದ್ಸಲ ನೋಡಣ್ಣ. ಅರವತ್ತು ಕಡೆ ಹಾಕಿದೀನಿ, ಒಂದು ಕಡೆಯಿಂದ್ಲೂ ಫೋನ್ ಬಂದಿಲ್ಲ."

ಓದಿದೆ. ಓದ್ತಾ ಓದ್ತಾ ಇದನ್ನ ಎಲ್ಲೋ ಓದಿದ್ದೀನಲ್ಲ ಅನ್ನಿಸ್ತು. ಹೌದು, ಅದೇ ವಾರ ಆಫೀಸಿನಲ್ಲಿ ಒಂದು ಬ್ಯಾಕೆಂಡ್ ಕೆಲಸಕ್ಕೆ ಬಂದ 42 ರೆಸ್ಯೂಮ್ ನೋಡಿದ್ದೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದೇ ಸಾಲುಗಳಿದ್ದವು. 'ಸ್ಪಿಯರ್‌ಹೆಡೆಡ್ ಡೇಟಾಬೇಸ್ ಆಪ್ಟಿಮೈಸೇಶನ್ ಇನಿಷಿಯೇಟಿವ್ಸ್, ರಿಸಲ್ಟಿಂಗ್ ಇನ್ ಸಿಗ್ನಿಫಿಕೆಂಟ್ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ಸ್.' ಓದೋಕೆ ಭರ್ಜರಿ. ಆದ್ರೆ ಯಾವ ಡೇಟಾಬೇಸ್? ಏನು ನಿಧಾನ ಇತ್ತು? ಎಷ್ಟು ಜೋರಾಯ್ತು? ಒಂದಕ್ಕೂ ಉತ್ತರ ಇಲ್ಲ. ಒಬ್ಬನದ್ದರಲ್ಲಂತೂ ಶೇಕಡಾ ಎಷ್ಟು ಅಂತ ತುಂಬಬೇಕಾದ ಜಾಗದಲ್ಲಿ `[X]%` ಅಂತ ಹಾಗೇ ಉಳಿದಿತ್ತು. ಯಂತ್ರ ಬಿಟ್ಟ ಖಾಲಿ ಜಾಗವನ್ನು ಅವನು ತುಂಬಿರಲಿಲ್ಲ, ಓದಿಯೂ ಇರಲಿಲ್ಲ. ಅಂಥವನ್ನೆಲ್ಲ ನಾನು ತಲಾ ಅರ್ಧ ನಿಮಿಷದಲ್ಲಿ ಪಕ್ಕಕ್ಕೆ ಸರಿಸಿದ್ದೆ.

"ಇದನ್ನ ನೀನೇ ಬರೆದ್ಯಾ?"

"ಇಲ್ಲ ಕಣಣ್ಣ, ಎಐ ಹತ್ರ ಬರೆಸ್ದೆ. ಹಾಲಿನ ಸಾಫ್ಟ್‌ವೇರ್‌ನಲ್ಲಿ ಬ್ಯಾಕೆಂಡ್ ಕೆಲಸ ಮಾಡಿದೀನಿ, ಇಂಪ್ರೆಸ್ ಆಗೋ ಥರ ಬರ್ಕೊಡು ಅಂದೆ. ನನ್ನ ಇಂಗ್ಲಿಷ್ ಗೊತ್ತಲ್ಲಣ್ಣ ನಿಂಗೆ."

ಗೊತ್ತಿಲ್ದೆ ಏನು? ಹತ್ತನೇ ಕ್ಲಾಸಿನ ತನಕ ಇಬ್ಬರೂ ಅದೇ ಸರ್ಕಾರಿ ಶಾಲೆ. ನಾನು ಬಿಇ ಕೊನೇ ವರ್ಷದಲ್ಲಿದ್ದಾಗ ಹಾಸ್ಟೆಲ್‌ನಲ್ಲಿ ಒಬ್ಬ ಸೀನಿಯರ್‌ನ ರೆಸ್ಯೂಮ್ ಇತ್ತು. ಇಡೀ ವಿಂಗ್ ಅದನ್ನೇ ಕಾಪಿ ಮಾಡಿ ಹೆಸರು ಬದಲಾಯಿಸ್ಕೊಂಡ್ವಿ. ಸವಾಲಿನ ವಾತಾವರಣದಲ್ಲಿ ಕೆಲಸ ಮಾಡುವುದೇ ನನ್ನ ಗುರಿ ಅಂತ ಇಪ್ಪತ್ತೆಂಟು ಹುಡುಗರು ಒಂದೇ ಇಂಗ್ಲಿಷ್‌ನಲ್ಲಿ ಹೇಳಿದ್ವಿ. ಹಾಗಾಗಿ ಅವನನ್ನ ಬೈಯೋಕೆ ನಂಗೆ ಬಾಯಿರಲಿಲ್ಲ.

ಆದ್ರೆ ಕೇಳಿದೆ, "ಇದರಲ್ಲಿ ಗಣನೀಯ ಸುಧಾರಣೆ ಅಂತ ಇದೆಯಲ್ಲ, ಗಣನೀಯ ಅಂದ್ರೆ ಎಷ್ಟೋ? ನೀನು ನಿಜವಾಗ್ಲೂ ಏನು ಮಾಡಿದೆ, ಕನ್ನಡದಲ್ಲೇ ಹೇಳು."

ಅವನು ಜಗುಲಿ ಮೇಲೆ ಕೂತು ಹೇಳೋಕೆ ಶುರು ಮಾಡಿದ. ನಾನು ಎದ್ದು ಕೂತೆ.

ಅವರ ಸಾಫ್ಟ್‌ವೇರನ್ನ ಸುಮಾರು 200 ಹಾಲಿನ ಸಂಘಗಳು ಬಳಸ್ತಾವೆ. ಒಂದೊಂದು ಸಂಘಕ್ಕೆ ಐವತ್ತರಷ್ಟು ಜನ ಬೆಳಿಗ್ಗೆ ಸಂಜೆ ಹಾಲು ಹಾಕಿದ್ರೆ ದಿನಕ್ಕೆ 20 ಸಾವಿರ ಎಂಟ್ರಿ. ಎರಡು ವರ್ಷಕ್ಕೆ ಟೇಬಲ್‌ನಲ್ಲಿ 1 ಕೋಟಿ 40 ಲಕ್ಷ ಸಾಲು ಸೇರಿದ್ದವು. ದಿನದ ವರದಿ ತೆಗೆಯೋಕೆ 40 ಸೆಕೆಂಡ್ ಬೇಕಾಗ್ತಿತ್ತು. ಎಷ್ಟೋ ಸಲ ಪೇಜ್ ತೆರೆಯೋದೇ ಇಲ್ಲ, ಸೆಕ್ರೆಟರಿಗಳು ಫೋನ್ ಮಾಡಿ ಬೈಯೋರು. ಸರ್ವರ್ ದೊಡ್ಡದು ತಗೊಳ್ಳೋಣ ಅಂತ ಮ್ಯಾನೇಜರ್ ಲೆಕ್ಕ ಹಾಕ್ತಿದ್ರು.

ಇವನು ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ತೆಗೆದು ನೋಡಿದ. ನಿಧಾನ ಆಗೋ ಕ್ವೆರಿಗಳನ್ನ ಡೇಟಾಬೇಸ್ ತಾನೇ ಬರೆದಿಡೋ ಕಡತ ಅದು. ಅಲ್ಲಿ ಸಿಕ್ಕ ಕ್ವೆರಿಯ ಮುಂದೆ `EXPLAIN` ಹಾಕಿ ಓಡಿಸಿದ. `type` ಅನ್ನೋ ಕಾಲಂನಲ್ಲಿ `ALL` ಅಂತ ಬಂತು. ಅಂದ್ರೆ 20 ಸಾವಿರ ಸಾಲಿಗಾಗಿ ಇಡೀ 1 ಕೋಟಿ 40 ಲಕ್ಷ ಸಾಲನ್ನೂ ಅದು ಓದ್ತಿದೆ. ವಿಚಿತ್ರ ಅಂದ್ರೆ ಆ ದಿನಾಂಕದ ಕಾಲಂಗೆ ಇಂಡೆಕ್ಸ್ ಮೊದಲೇ ಇತ್ತು. ಮತ್ಯಾಕೆ ಬಳಸ್ತಿಲ್ಲ ಅಂತ ಎರಡು ದಿನ ತಲೆ ಕೆಡಿಸ್ಕೊಂಡನಂತೆ. ಕಾರಣ ಕ್ವೆರಿಯ ಈ ಒಂದು ಸಾಲು.

```sql
WHERE DATE(collected_at) = '2024-03-05'
```

ಕಾಲಂನ ಹೀಗೆ `DATE()` ಒಳಗೆ ಹಾಕಿದ್ರೆ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ. ಇಂಡೆಕ್ಸ್‌ನಲ್ಲಿ ಇರೋದು ದಿನಾಂಕ ಮತ್ತು ಸಮಯ ಎರಡೂ ಸೇರಿದ ಮೂಲ ಬೆಲೆ. ನಾವು ಕೇಳ್ತಿರೋದು ಬರೀ ದಿನಾಂಕ. ಹಾಗಾಗಿ ಒಂದೊಂದೇ ಸಾಲು ತೆಗೆದು ದಿನಾಂಕ ಬೇರೆ ಮಾಡಿ ಹೋಲಿಸ್ಬೇಕು. ಇವನು ಅದನ್ನ ಹೀಗೆ ಬದಲಾಯಿಸಿದ.

```sql
WHERE collected_at >= '2024-03-05'
  AND collected_at <  '2024-03-06'
```

ಈಗ `type` ಕಾಲಂನಲ್ಲಿ `range` ಬಂತು. ಬೇಕಾದ ಸಾಲುಗಳ ಹತ್ತಿರಕ್ಕೇ ನೇರವಾಗಿ ಹೋಯ್ತು. ಹೊಸ ಸರ್ವರ್ ತಗೊಳ್ಳೋ ಮಾತು ಅಲ್ಲಿಗೇ ನಿಂತ್ಹೋಯ್ತು.

"ಮಾರಾಯ, ಇದನ್ನ ಯಾಕೆ ಬರೆದಿಲ್ಲ ನೀನು?"

"ಇದೇನು ದೊಡ್ಡದಲ್ವಲ್ಲಣ್ಣ, ಎರಡು ಸಾಲು ಚೇಂಜ್ ಅಷ್ಟೆ."

ಅಷ್ಟರಲ್ಲಿ ಅಮ್ಮ ಡೈರಿಗೆ ಹೊರಟಿದ್ದಳು. ಅವಳ ಕೈಯಲ್ಲಿದ್ದ ಪಾಸ್‌ಬುಕ್ ಇಸ್ಕೊಂಡು ಅವನಿಗೆ ತೋರಿಸಿದೆ. ತಾರೀಕು, ಬೆಳಿಗ್ಗೆ, 4.2 ಲೀಟರ್, ಫ್ಯಾಟ್ 3.9. "ಸೆಕ್ರೆಟರಿ ಇಲ್ಲಿ 'ಗಣನೀಯ ಪ್ರಮಾಣದ ಉತ್ಕೃಷ್ಟ ಹಾಲು ಪೂರೈಸಿದ್ದಾರೆ' ಅಂತ ಬರೆದ್ರೆ ಅಮ್ಮ ಸುಮ್ನೆ ಬರ್ತಾಳಾ?" ಅಮ್ಮನಿಗೆ ಏನೂ ಅರ್ಥ ಆಗಲಿಲ್ಲ. "ದುಡ್ಡು ಯಾರು ಕೊಡ್ತಾರೆ ಅದಕ್ಕೆ?" ಅಂದು ಪಾಸ್‌ಬುಕ್ ಕಿತ್ಕೊಂಡು ಹೋದಳು.

ಯಂತ್ರದ್ದೂ ತಪ್ಪಿಲ್ಲ. ಇವನು ಅದಕ್ಕೆ ಕೊಟ್ಟಿದ್ದು ಒಂದೂವರೆ ಸಾಲು. 40 ಸೆಕೆಂಡ್, ಸ್ಲೋ ಲಾಗ್, 200 ಸಂಘ ಯಾವುದೂ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನ ಯಾರಿಗೆ ಬೇಕಾದ್ರೂ ಹೊಂದೋ ಮಾತಿನಿಂದ ತುಂಬಿತು. ನಂಬರ್ ಸೇರಿಸು ಅಂದಿದ್ರೆ ಅದನ್ನೂ ಹುಟ್ಟಿಸಿ ಕೊಡ್ತಿತ್ತು, ಅದು ಇನ್ನೂ ಅಪಾಯ. ಈಗಲೇ ಮೈಕ್ರೋಸರ್ವಿಸಸ್ ಅಂತ ಒಂದು ಸಾಲು ಸೇರಿಸಿತ್ತು. ಇವನು ಅದನ್ನ ಕಣ್ಣಲ್ಲೂ ನೋಡಿಲ್ಲ. ತೆಗೆಸಿದೆ.

ಆಮೇಲೆ ಕನ್ನಡದಲ್ಲೇ ಬರೆಸಿದೆ. ಏನು ಕೆಟ್ಟಿತ್ತು, ಯಾವುದರಿಂದ ಕಂಡುಹಿಡಿದೆ, ಏನು ಬದಲಾಯಿಸಿದೆ, ಸರಿಹೋಯ್ತು ಅಂತ ಹೇಗೆ ಗೊತ್ತಾಯ್ತು. ಕೊನೇದಕ್ಕೆ ಬಂದಾಗ "ಒಂದು ಸೆಕೆಂಡಿಗಿಂತ ಕಡಿಮೆ ಆಯ್ತು ಅಂತ ಹಾಕ್ಲಾ?" ಅಂದ.

"ಅಳತೆ ಮಾಡಿದ್ಯಾ?"

"ಇಲ್ಲ, ಲಾಗ್‌ನಲ್ಲಿ ಮತ್ತೆ ಬರಲಿಲ್ಲ."

"ಲಾಗ್ ಎಷ್ಟು ಸೆಕೆಂಡ್ ಮೀರಿದ್ರೆ ಬರೆಯುತ್ತೆ?"

"`long_query_time` ಎರಡು ಇಟ್ಟಿದ್ವಿ."

"ಹಾಗಾದ್ರೆ 2 ಸೆಕೆಂಡಿಗಿಂತ ಕಡಿಮೆ ಅಂತ ಬರಿ. ನಿಂಗೆ ಗೊತ್ತಿರೋದು ಅಷ್ಟೇ."

ಗ್ರಾಹಕರ ಹೆಸರು ಹಾಕಲಿಲ್ಲ, ಅದು ಕಂಪನಿಯ ವಿಷಯ. ಕೊನೆಗೆ ಸಾಲು ಹೀಗಾಯ್ತು: '200 ಹಾಲು ಸಂಘಗಳು ಬಳಸುವ ದಿನದ ವರದಿ ತಡವಾಗುತ್ತಿದ್ದ ಕಾರಣವನ್ನು ಮೈಎಸ್‌ಕ್ಯೂಎಲ್ ಸ್ಲೋ ಕ್ವೆರಿ ಲಾಗ್ ಮತ್ತು `EXPLAIN` ಮೂಲಕ ಕಂಡುಹಿಡಿದೆ. ಇಂಡೆಕ್ಸ್ ಬಳಸುವಂತೆ ಕ್ವೆರಿ ಬದಲಿಸಿ 40 ಸೆಕೆಂಡನ್ನು 2 ಸೆಕೆಂಡಿಗಿಂತ ಕಡಿಮೆಗೆ ಇಳಿಸಿದೆ.' ಇಂಗ್ಲಿಷ್ ಮಾಡೋಕೆ ಯಂತ್ರಕ್ಕೇ ಕೊಟ್ವಿ. ಏನನ್ನೂ ಸೇರಿಸ್ಬೇಡ ಅಂತ ಹೇಳಿ ಕೊಟ್ವಿ. ಆದ್ರೂ ಒಂದು 'ಸಿಗ್ನಿಫಿಕೆಂಟ್ಲಿ' ನುಸುಳಿತ್ತು, ಅವನೇ ಅಳಿಸಿದ.

ತಿಂಗಳ ಮೇಲೆ ಫೋನ್ ಮಾಡಿದ. ಒಂದು ಕಡೆ ಇಂಟರ್‌ವ್ಯೂ ಆಯ್ತಂತೆ, ಆ ಒಂದು ಸಾಲಿನ ಮೇಲೇ ಇಪ್ಪತ್ತು ನಿಮಿಷ ಕೇಳಿದ್ರಂತೆ. ಎರಡನೇ ರೌಂಡ್‌ನಲ್ಲಿ ಬೇರೇನೋ ಬರಲಿಲ್ಲ, ಕೆಲಸ ಸಿಗಲಿಲ್ಲ. "ಆದ್ರೆ ಮೊದಲನೇ ಸಲ ನಂಗೆ ಗೊತ್ತಿರೋದನ್ನ ಕೇಳಿದ್ರಣ್ಣ" ಅಂದ.

ನಂಗೆ ತಲೆ ಕೊರೆದಿದ್ದು ಬೇರೆ. ಯುಗಾದಿ ಮುಗಿಸಿ ಬಂದ ಸೋಮವಾರವೇ ನಾನು ಪಕ್ಕಕ್ಕೆ ಸರಿಸಿದ್ದ ರೆಸ್ಯೂಮ್‌ಗಳ ಫೋಲ್ಡರ್ ಮತ್ತೆ ತೆಗೆದಿದ್ದೆ. ಎಲ್ಲರಿಗೂ ಫೋನ್ ಮಾಡೋಕೆ ಆಗಲ್ಲ, ಆರು ಜನಕ್ಕೆ ಮಾಡಿದೆ. "ನಿಮ್ಮ ರೆಸ್ಯೂಮ್‌ನಲ್ಲಿರೋ ಯಾವುದಾದ್ರೂ ಒಂದು ಸಾಲು ಆರಿಸ್ಕೊಳ್ಳಿ, ನಿಜಕ್ಕೂ ಏನಾಯ್ತು ಅಂತ ಹೇಳಿ" ಅಂದೆ. ನಾಲ್ಕು ಜನ ರೆಸ್ಯೂಮ್‌ನಲ್ಲಿದ್ದ ಸಾಲನ್ನೇ ಮತ್ತೆ ಓದಿದ್ರು. ಒಬ್ಬ ಫೋನ್ ಇಟ್ಟ. ಹಾವೇರಿ ಕಡೆಯ ಒಬ್ಬಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಕನ್ನಡದಾಗ ಹೇಳಬಹುದಾ?" ಅಂದಳು.

ಹೇಳಮ್ಮ ಅಂದೆ. ಮುಕ್ಕಾಲು ಗಂಟೆ ಮಾತಾಡಿದಳು.