ಅಜ್ಜಿಯ ಜ್ವರ ಮತ್ತು ಏಳು ನಲವತ್ತರ ಬಸ್ಸು

ಗುರುವಾರ ರಾತ್ರಿ ಒಂಬತ್ತಕ್ಕೆ ಡೆಸ್ಕಿನಿಂದ ನಮಗೆ ಫೋನ್ ಬಂತು. "ನಿಮ್ಮ ಇಂಟರ್ನ್ ಎಲ್ಲಿ? ಆರು ಗಂಟೆಗೆ ಬರಬೇಕಾದ ವರದಿ ಇನ್ನೂ ಬಂದಿಲ್ಲ. ಫೋನ್ ಸ್ವಿಚ್ ಆಫ್." ಜಿಲ್ಲಾ ಪುಟದಲ್ಲಿ ಅವಳಿಗಾಗಿ ಮೂರು ಕಾಲಂ ಜಾಗ ಬಿಟ್ಟಿದ್ದರು. ಕೊನೆಗೆ ಅಲ್ಲಿ ಒಂದು ಪತ್ರಿಕಾ ಪ್ರಕಟಣೆಯನ್ನೂ, ಸಮಾರಂಭವೊಂದರ ದೊಡ್ಡ ಫೋಟೋವನ್ನೂ ತುಂಬಿದರು.

ನಾವು ಬಸ್ ನಿಲ್ದಾಣದ ಹಿಂದಿನ ಒಂದೇ ಕೋಣೆಯಲ್ಲಿ ಕೂತು ಸುದ್ದಿ ಕಳಿಸುವ ಇಬ್ಬರು ಅರೆಕಾಲಿಕ ವರದಿಗಾರರು. ಇಬ್ಬರೂ ಡಿಪ್ಲೊಮಾ ಮಾಡಿದ್ದು ಒಂದೇ ಕಡೆ. ಆ ಹುಡುಗಿಯೂ ಅಲ್ಲಿಂದಲೇ ಬಂದವಳು. ಅವಳಿಗೆ ಕೊಟ್ಟ ಕೆಲಸ ಇದು: ಒಂದು ಹೋಬಳಿಯ ಒಂಬತ್ತು ಶುದ್ಧ ಕುಡಿಯುವ ನೀರಿನ ಘಟಕಗಳಿಗೆ ಹೋಗಿ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೋ ಇಲ್ಲವೋ ಕಣ್ಣಾರೆ ನೋಡಿ ಬರೆಯುವುದು. ಮಂಗಳವಾರ, ಬುಧವಾರ ಆರು ಊರು ಮುಗಿಸಿದ್ದಳು. ಉಳಿದ ಮೂರು ಊರು, ಎಂಜಿನಿಯರ್ ಭೇಟಿ, ಬರೆಯುವುದು, ಎಲ್ಲವನ್ನೂ ಗುರುವಾರ ಒಂದೇ ದಿನಕ್ಕೆ ಇಟ್ಟುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬಂದು ಬಾಗಿಲಲ್ಲೇ ನಿಂತಳು. "ಅಣ್ಣಾ, ಸರ್‌ಗೆ ಮೇಲ್ ಬರೆದಿದ್ದೀನಿ. ಒಂದ್ಸಲ ನೋಡ್ತೀರಾ?" ಎಂದು ಫೋನ್ ಕೊಟ್ಟಳು.

ಮೇಲ್ ತುಂಬ ಉದ್ದ ಇತ್ತು. ಶುರುವಿನಲ್ಲಿ ಅಜ್ಜಿಗೆ ಜ್ವರ, ಆಮೇಲೆ ಆಸ್ಪತ್ರೆ, ಆಮೇಲೆ ನೆಟ್‌ವರ್ಕ್ ಇಲ್ಲದ್ದು. ನಡುವೆ ನಾಲ್ಕು ಸಲ "ದಯವಿಟ್ಟು ಕ್ಷಮಿಸಿ". ಕೊನೆಯಲ್ಲಿ "ಇವತ್ತು ರಾತ್ರಿಯೊಳಗೆ ಹೇಗಾದರೂ ಮಾಡಿ ಕಳಿಸುತ್ತೇನೆ ಸರ್".

"ಅಜ್ಜಿ ಹೇಗಿದ್ದಾರೆ?" ಎಂದು ಕೇಳಿದೆವು.

"ಈಗ ಪರವಾಗಿಲ್ಲ ಅಣ್ಣಾ. ಜ್ವರ ಬಂದಿದ್ದು ಭಾನುವಾರ." ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು. "ಗುರುವಾರ ಬಸ್ ತಪ್ಪಿತು. ಆ ಊರಿಗೆ ಬೆಳಿಗ್ಗೆ ಇರೋದು ಏಳು ನಲವತ್ತರದು ಒಂದೇ ಅಂತ ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಸಂಜೆ ಭಯ ಆಗಿ ಫೋನ್ ಆಫ್ ಮಾಡಿದೆ."

ನಮಗೆ ಬೈಯಲು ಬಾಯಿ ಬರಲಿಲ್ಲ. ಏಕೆಂದರೆ ಶುರುವಿನ ವರ್ಷ ನಾವೂ ಇದನ್ನೇ ಮಾಡಿದ್ದೆವು. ಪಿಂಚಣಿ ನಿಂತುಹೋದ ಒಬ್ಬ ಅಜ್ಜಿಯ ಸುದ್ದಿ. "ನಾಳೆ ಕೊಡ್ತೀವಿ ಸರ್" ಎಂದೆವು, ಕೊಡಲಿಲ್ಲ. ಮತ್ತೆ "ನಾಳೆ" ಎಂದೆವು. ಮೂರನೇ ಸಲ ಡೆಸ್ಕಿನವರು ಕೇಳುವುದನ್ನೇ ಬಿಟ್ಟರು. ಸುದ್ದಿ ಬರಲೇ ಇಲ್ಲ. ಆ ಅಜ್ಜಿ ಸಂತೆಯಲ್ಲಿ ಸಿಕ್ಕಾಗಲೆಲ್ಲ "ಪೇಪರ್‌ನಾಗೆ ಬಂತೇನಪ್ಪಾ?" ಎಂದು ಕೇಳುತ್ತಿದ್ದರು. ನಾವು ದಾರಿ ಬದಲಿಸಿ ಹೋಗುತ್ತಿದ್ದೆವು.

ಡೆಸ್ಕಿನವರಿಗೆ ಬೇಕಾದದ್ದು ಅಳು ಅಲ್ಲ. ವರದಿ ಯಾವತ್ತು ಬರುತ್ತದೆ, ಅದನ್ನು ನಂಬಿ ಪುಟದಲ್ಲಿ ಜಾಗ ಇಡಬಹುದಾ, ಇಷ್ಟೇ ಅವರ ಪ್ರಶ್ನೆ. ಹಾಗಾಗಿ ಮೊದಲು ದಿನಾಂಕ ಹುಡುಕೋಣ, ಮೇಲ್ ಆಮೇಲೆ ಎಂದು ಅವಳಿಗೆ ಹೇಳಿದೆವು. ಹಾಳೆಯ ಮೇಲೆ ಉಳಿದ ಕೆಲಸ ಬರೆಸಿದೆವು.

ಎರಡು ಊರು ಒಂದೇ ರಸ್ತೆಯಲ್ಲಿವೆ, ಶನಿವಾರ ಮುಗಿಯುತ್ತವೆ. ಮೂರನೆಯ ಊರಿಗೆ ಏಳು ನಲವತ್ತರ ಬಸ್ಸಿಗೆ ಹೋದರೆ ವಾಪಸ್ ಬಸ್ ಮಧ್ಯಾಹ್ನ ಎರಡೂವರೆಗೆ. ಅಂದರೆ ಭಾನುವಾರ ಪೂರ್ತಿ ಹೋಯಿತು. ನೀರಗಂಟಿ ಭಾನುವಾರವೂ ಊರಲ್ಲೇ ಇರುತ್ತಾನೆ, ತೊಂದರೆಯಿಲ್ಲ. ಎಂಜಿನಿಯರ್ ಕಚೇರಿಯಲ್ಲಿ ಸಿಗುವುದು ಸೋಮವಾರ ಹನ್ನೊಂದಕ್ಕೆ. ಬರೆಯಲು ಮೂರು ಗಂಟೆ ಬೇಕು.

"ಹಾಗಾದರೆ ಸೋಮವಾರ ಸಂಜೆ ಅಣ್ಣಾ" ಎಂದಳು.

"ಎಂಜಿನಿಯರ್ ಸಿಕ್ಕಿದ್ದೇ ಸಂಜೆ ಐದಕ್ಕಾದರೆ?"

"ಮಂಗಳವಾರ."

"ಮಂಗಳವಾರವೂ ಸಿಗದಿದ್ದರೆ?"

ಅವಳು ಸುಮ್ಮನಾದಳು. ನಮಗೆ ಎಷ್ಟೋ ವರ್ಷ ಹೊಳೆಯದ ವಿಷಯ ಇದೇ. ಕೊಡುವ ದಿನಾಂಕ ನಮ್ಮ ಕೈಯಲ್ಲಿರುವ ಕೆಲಸದ ಮೇಲೆ ಮಾತ್ರ ನಿಲ್ಲಬೇಕು. ಬಸ್ಸು ಹತ್ತುವುದು, ಊರಿಗೆ ಹೋಗುವುದು, ಬರೆಯುವುದು ನಮ್ಮ ಕೈಯಲ್ಲಿದೆ. ಅಧಿಕಾರಿ ಸಿಗುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ, ಅವರು ಸಿಗದಿದ್ದರೆ ಏನು ಮಾಡುತ್ತೇವೆ ಎಂದು ಮೊದಲೇ ಹೇಳಿಬಿಡಬೇಕು. ಎಷ್ಟು ಸಲ ಪ್ರಯತ್ನಿಸಿದೆವು ಎಂದು ಬರೆದು ವರದಿ ಕೊಡಬಹುದು, ಪ್ರತಿಕ್ರಿಯೆ ಬಂದಾಗ ಅದನ್ನೂ ಹಾಕಬಹುದು.

ಮಂಗಳವಾರ ಸಂಜೆ ನಾಲ್ಕು ಎಂದು ಗೊತ್ತಾಯಿತು. ಆಮೇಲೆ ಅವಳೇ ಹೊಸದಾಗಿ ಮೇಲ್ ಬರೆದಳು. ಅವಳ ಒಪ್ಪಿಗೆ ಪಡೆದು ಇಲ್ಲಿ ಹಾಕಿದ್ದೇವೆ:

"ವಿಷಯ: ನೀರಿನ ಘಟಕಗಳ ವರದಿ ತಡವಾಗಿದೆ, ಮಂಗಳವಾರ ಸಂಜೆ 4ಕ್ಕೆ ಕಳಿಸುವೆ

ಸರ್, ನಮಸ್ಕಾರ.

ಗುರುವಾರ ಸಂಜೆ 6ಕ್ಕೆ ಕೊಡಬೇಕಿದ್ದ ವರದಿ ಕೊಡಲಿಲ್ಲ. ಫೋನನ್ನೂ ಆಫ್ ಮಾಡಿದ್ದೆ. ಪುಟ ಮಾಡುವವರಿಗೆ ತೊಂದರೆಯಾಯಿತು, ಕ್ಷಮಿಸಿ.

ಬಸ್ ಸಮಯ ವಿಚಾರಿಸದೆ ಮೂರು ಊರುಗಳನ್ನು ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆ. ಅದು ನನ್ನ ತಪ್ಪು.

ಆರು ಊರು ಮುಗಿದಿವೆ. ಅವುಗಳ ಟಿಪ್ಪಣಿ, ಫೋಟೋ ಇವತ್ತು ಮಧ್ಯಾಹ್ನ 2ಕ್ಕೆ ಕಳಿಸುತ್ತೇನೆ. ಶನಿವಾರ ಎರಡು, ಭಾನುವಾರ ಒಂದು ಊರು ನೋಡಿ, ಸೋಮವಾರ ಎಂಜಿನಿಯರ್ ಅವರನ್ನು ಕಾಣುತ್ತೇನೆ.

ಪೂರ್ಣ ವರದಿ ಮಂಗಳವಾರ ಸಂಜೆ 4ಕ್ಕೆ ಕೊಡುತ್ತೇನೆ. ಎಂಜಿನಿಯರ್ ಸಿಗದಿದ್ದರೂ ಅದನ್ನು ವರದಿಯಲ್ಲಿ ಬರೆದು ಅದೇ ಹೊತ್ತಿಗೆ ಕೊಡುತ್ತೇನೆ. ಅಷ್ಟು ದಿನ ಕಾಯಲು ಆಗದಿದ್ದರೆ ಆರು ಊರಿನದನ್ನೇ ಬರೆದು ನಾಳೆ ಬೆಳಿಗ್ಗೆ 8ಕ್ಕೆ ಕೊಡಬಲ್ಲೆ. ಯಾವುದು ಬೇಕೆಂದು ತಿಳಿಸಿ.

ಫೋನ್ ಆನ್ ಇದೆ."

ಅಜ್ಜಿ ಈ ಮೇಲ್‌ನಲ್ಲಿ ಇಲ್ಲ. ಜ್ವರ ಬಂದದ್ದು ನಿಜ, ಆದರೆ ವರದಿ ತಡವಾದದ್ದು ಅದಕ್ಕಲ್ಲ. ಅಂಥ ಕಾರಣವನ್ನು ಇವತ್ತು ಖರ್ಚು ಮಾಡಿಬಿಟ್ಟರೆ, ನಾಳೆ ನಿಜವಾಗಿಯೂ ಆಸ್ಪತ್ರೆಗೆ ಓಡಬೇಕಾದ ದಿನ ಯಾರು ನಂಬುತ್ತಾರೆ? ಮನೆಯ ಕಷ್ಟವೇ ಕಾರಣವಾಗಿದ್ದರೆ ಒಂದು ಸಾಲಿನಲ್ಲಿ ಹೇಳಲು ನಾಚಿಕೆಪಡಬೇಕಿಲ್ಲ. ಆದರೆ ಒಂದೇ ಸಾಲು ಸಾಕು.

"ಫೋನ್ ಆನ್ ಇದೆ" ಎಂಬುದನ್ನು ನಾವು ಹೇಳಿಕೊಟ್ಟಿದ್ದಲ್ಲ. ಅವಳೇ ಸೇರಿಸಿದ್ದು.

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಸರಿ. ಮಂಗಳವಾರ 4. ಬುಧವಾರದ ಪುಟಕ್ಕೆ ಇಡುತ್ತೇನೆ. ಇನ್ನು ಮುಂದೆ ಫೋನ್ ಆಫ್ ಮಾಡಬೇಡ." ಬೈಗುಳ ಅಷ್ಟೇ. ಅವಳು ಅದನ್ನು ನಾಲ್ಕೈದು ಸಲ ಓದಿದಳು.

ಸೋಮವಾರ ನಾವು ಹೆದರಿದಂತೆಯೇ ಆಯಿತು. ಎಂಜಿನಿಯರ್ ಸಭೆಗೆ ಹೋಗಿದ್ದರು, ಸಂಜೆಯವರೆಗೂ ಬರಲಿಲ್ಲ. ಮೂರು ಸಲ ಫೋನ್ ಮಾಡಿದಳು, ಒಂದು ಮೆಸೇಜ್ ಹಾಕಿದಳು, ಅಷ್ಟನ್ನೂ ವರದಿಯಲ್ಲಿ ಬರೆದಳು. ಮಂಗಳವಾರ ಮೂರು ಇಪ್ಪತ್ತಕ್ಕೆ ವರದಿ ಹೋಯಿತು. ಒಂಬತ್ತರಲ್ಲಿ ನಾಲ್ಕು ಘಟಕ ನಿಂತಿದ್ದವು. ಅದರಲ್ಲಿ ಒಂದು, ಏಳು ನಲವತ್ತರ ಬಸ್ಸಿನ ಊರಿನದು. ಆರೇ ಊರಿಗೆ ಮುಗಿಸಿದ್ದರೆ ಆ ಊರಿನ ಮಾತು ಬರುತ್ತಲೇ ಇರಲಿಲ್ಲ. ವರದಿ ಬಂದ ದಿನ ಎಂಜಿನಿಯರ್ ತಾವೇ ಅವಳಿಗೆ ಫೋನ್ ಮಾಡಿದರು. ಮರುದಿನ ಅವರ ಮಾತೂ ಪ್ರಕಟವಾಯಿತು.

ಎರಡು ವಾರದ ಮೇಲೆ ಅವಳಿಗೆ ಇನ್ನೊಂದು ಗುರುವಾರದ ಗಡುವು ಇತ್ತು. ಬುಧವಾರ ಮಧ್ಯಾಹ್ನವೇ ಡೆಸ್ಕಿಗೆ ಫೋನ್ ಮಾಡಿದಳು. "ಸರ್, ಒಂದು ದಾಖಲೆ ಸಿಗೋದು ಶುಕ್ರವಾರ. ಶನಿವಾರ ಬೆಳಿಗ್ಗೆ ಕೊಡಲಾ?" ಗಡುವಿಗೆ ಇನ್ನೂ ಒಂದು ದಿನ ಇತ್ತು. ಕ್ಷಮೆ ಕೇಳುವ ಮೇಲ್ ಬರೆಯುವ ಕೆಲಸವೇ ಬೀಳಲಿಲ್ಲ.